ಎರಡು ವಾರದಲ್ಲಿ ಎಡಬ್ಲ್ಯುಎಸ್ ಪರೀಕ್ಷೆ: ಏನನ್ನು ಓದಬೇಕು, ಏನನ್ನು ಬಿಡಬಹುದು?

ಪ್ರಶ್ನೆ: ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಎಡಬ್ಲ್ಯುಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಗಾಗಿ 50 ಗಂಟೆಗಳ ವಿಡಿಯೊ ಕೋರ್ಸ್ ಕೊಂಡು, 10 ಗಂಟೆಯಷ್ಟು ಮಾತ್ರ ನೋಡಿದ್ದೇನೆ. ನಾಳೆ ಶನಿವಾರ, ಅಲ್ಲಿಂದ ಎರಡು ವಾರಕ್ಕೆ ಸರಿಯಾಗಿ ಪರೀಕ್ಷೆ. ಕಂಪನಿ ಕೊಟ್ಟ ವೋಚರ್ ಪರೀಕ್ಷೆಯ ನಂತರ ಹತ್ತು ದಿನಕ್ಕೆ ಮುಗಿದುಹೋಗುತ್ತದೆ. ವಾರದ ದಿನಗಳಲ್ಲಿ 3 ಗಂಟೆ, ರಜೆಯ ದಿನಗಳಲ್ಲಿ 7 ಗಂಟೆ ಓದಬಲ್ಲೆ. ನಿನ್ನೆ ಒಂದು ಮಾದರಿ ಪರೀಕ್ಷೆ ಬರೆದೆ. ಭದ್ರತೆಯಲ್ಲಿ 20ಕ್ಕೆ 8, ವಿಶ್ವಾಸಾರ್ಹತೆಯಲ್ಲಿ 17ಕ್ಕೆ 7, ಕಾರ್ಯಕ್ಷಮತೆಯಲ್ಲಿ 15ಕ್ಕೆ 6, ವೆಚ್ಚದಲ್ಲಿ 13ಕ್ಕೆ 8 ಸರಿಯಾದವು. ಉಳಿದ ವಿಡಿಯೊಗಳನ್ನು ವೇಗ ಹೆಚ್ಚಿಸಿ ನೋಡಿ ಮುಗಿಸಲೇ, ವೆಯ್ಟೇಜ್ ನೋಡಿ ಕೆಲವು ಅಧ್ಯಾಯಗಳನ್ನು ಬಿಡಲೇ, ಇಲ್ಲವೇ ಪರೀಕ್ಷೆಯನ್ನೇ ಮುಂದೂಡಲೇ? ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಉದ್ದದ ಇಂಗ್ಲಿಷ್ ಪ್ರಶ್ನೆಗಳನ್ನು ಓದುವುದು ನನಗೆ ನಿಧಾನ.

ಉತ್ತರ: ವಿಡಿಯೊಗಳನ್ನು ನೋಡಿ ಮುಗಿಸುವ ಗುರಿಯನ್ನು ಇಂದೇ ಕೈಬಿಡಿ. ಪರೀಕ್ಷೆಯನ್ನು ಈಗಲೇ ಮುಂದೂಡಬೇಡಿ. ಆ ನಿರ್ಧಾರಕ್ಕೆ ಎರಡನೆಯ ವಾರದಲ್ಲಿ ಒಂದು ದಿನವಿದೆ, ಅದನ್ನು ಮುಂದೆ ಹೇಳುತ್ತೇನೆ. ಅಧ್ಯಾಯಗಳನ್ನು ಬಿಡಬಹುದು. ಆದರೆ ಯಾವುದನ್ನು ಬಿಡಬೇಕು ಎನ್ನುವುದನ್ನು ಕೋರ್ಸಿನ ಪರಿವಿಡಿ ನೋಡಿ ತೀರ್ಮಾನಿಸಿದರೆ ಎಡವುತ್ತೀರಿ. ಕ್ಲೌಡ್ ತರಬೇತಿಯಲ್ಲಿ ನಾನು ಕಂಡಿರುವ ಎರಡು ವಾರದ ಯೋಜನೆಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ.

ಮೊದಲು ಗಂಟೆಗಳ ಲೆಕ್ಕ. ಎರಡು ವಾರಾಂತ್ಯಗಳಿಂದ 28 ಗಂಟೆ, ಹತ್ತು ಕೆಲಸದ ದಿನಗಳಿಂದ 30 ಗಂಟೆ, ಒಟ್ಟು 58. ಉಳಿದಿರುವ ವಿಡಿಯೊ 40 ಗಂಟೆ. ಒಂದೂವರೆ ಪಟ್ಟು ವೇಗದಲ್ಲಿ ನೋಡಿದರೆ 27 ಗಂಟೆಗೆ ಮುಗಿಯುತ್ತದೆ ಎಂದು ಕಾಗದದ ಮೇಲೆ ಕಾಣುತ್ತದೆ. ಹೊಸ ವಿಷಯ ಬಂದಾಗ ನಿಲ್ಲಿಸುತ್ತೀರಿ, ಹಿಂದಕ್ಕೆ ಹೋಗುತ್ತೀರಿ, ಟಿಪ್ಪಣಿ ಬರೆಯುತ್ತೀರಿ. ಅಷ್ಟರಲ್ಲಿ ಅದು ಮತ್ತೆ 40 ಗಂಟೆಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಹಾಗೆ ಮಾಡಿದವರಿಗೆ ಕೊನೆಯ ಮೂರು ದಿನ ಮಾತ್ರ ಪ್ರಶ್ನೆ ಬಿಡಿಸಲು ಉಳಿಯುತ್ತದೆ. ಈ ಪರೀಕ್ಷೆಯಲ್ಲಿ ಬಹುತೇಕ ಪ್ರಶ್ನೆಗಳು ಒಂದು ಸನ್ನಿವೇಶವನ್ನು ಕೊಟ್ಟು, ನಾಲ್ಕೈದು ಆಯ್ಕೆಗಳಲ್ಲಿ ಸರಿಯಾದದ್ದನ್ನು ಆರಿಸು ಎನ್ನುವ ಬಗೆಯವು. ಆಯ್ಕೆಗಳಲ್ಲಿ ಎರಡು ಮೇಲ್ನೋಟಕ್ಕೆ ಸರಿಯಾಗಿಯೇ ಇರುತ್ತವೆ. ಅವುಗಳ ನಡುವಿನ ಗೆರೆಯನ್ನು ಗುರುತಿಸುವ ಅಭ್ಯಾಸ ಕೇಳುವುದರಿಂದ ಬರುವುದಿಲ್ಲ, ಬಿಡಿಸುವುದರಿಂದ ಬರುತ್ತದೆ.

ಈಗ ವೆಯ್ಟೇಜ್ ವಿಚಾರ. ಪರೀಕ್ಷೆಯ ಸಂಕೇತ SAA-C03. ಇದರ ಎಗ್ಸಾಮ್ ಗೈಡ್ ಎಡಬ್ಲ್ಯುಎಸ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನಾಲ್ಕು ವಿಭಾಗಗಳಿವೆ: ಭದ್ರತೆಗೆ ಶೇ 30, ವಿಶ್ವಾಸಾರ್ಹತೆಗೆ ಶೇ 26, ಕಾರ್ಯಕ್ಷಮತೆಗೆ ಶೇ 24, ವೆಚ್ಚಕ್ಕೆ ಶೇ 20. ಬರುವ 65 ಪ್ರಶ್ನೆಗಳಲ್ಲಿ 15ಕ್ಕೆ ಅಂಕವಿಲ್ಲ. ಅವು ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸುತ್ತಿರುವ ಪ್ರಶ್ನೆಗಳು, ಯಾವುವೆಂದು ನಿಮಗೆ ತಿಳಿಯುವುದಿಲ್ಲ. ಉಳಿದ 50ರಲ್ಲಿ ಆ ಪಾಲುಗಳು ಕ್ರಮವಾಗಿ 15, 13, 12, 10 ಪ್ರಶ್ನೆಗಳಾಗುತ್ತವೆ.

ಪಾಲುಗಳು ಹಂಚಿಕೆಯಾಗಿರುವುದು ಹೀಗೆ, ಆದರೆ ನಿಮ್ಮ ಕೋರ್ಸು ಜೋಡಣೆಯಾಗಿರುವುದು ಬೇರೆಯೇ ರೀತಿಯಲ್ಲಿ. ಅಲ್ಲಿ ಐಎಎಂ, ಇಸಿ2, ಎಸ್3, ಆರ್‌ಡಿಎಸ್, ವಿಪಿಸಿ ಎಂದು ಸೇವೆಗೊಂದು ಅಧ್ಯಾಯವಿದೆ. ‘ಭದ್ರತೆ’ ಎಂಬ ಅಧ್ಯಾಯವೂ ಒಂದಿರಬಹುದು. ಶೇ 30 ಸಿಗುತ್ತದೆಂದು ಅದೊಂದನ್ನೇ ಓದಿದರೆ ಆ ಪಾಲಿನ ಒಂದು ಭಾಗ ಮಾತ್ರ ಕೈಗೆ ಬರುತ್ತದೆ. ಉಳಿದದ್ದು ವಿಪಿಸಿ ಅಧ್ಯಾಯದಲ್ಲಿ, ಎಸ್3 ಅಧ್ಯಾಯದಲ್ಲಿ, ಆರ್‌ಡಿಎಸ್ ಅಧ್ಯಾಯದಲ್ಲಿ ಚದುರಿಹೋಗಿರುತ್ತದೆ.

ಒಂದು ಉದಾಹರಣೆ ನೋಡಿ. ಖಾಸಗಿ ಸಬ್‌ನೆಟ್‌ನಲ್ಲಿರುವ ಒಂದು ಸರ್ವರ್ ಅದೇ ರೀಜನ್‌ನಲ್ಲಿರುವ ಎಸ್3ಯಿಂದ ದಿನವೂ ಭಾರಿ ಪ್ರಮಾಣದ ಕಡತಗಳನ್ನು ನ್ಯಾಟ್ ಗೇಟ್‌ವೇ ಮೂಲಕ ತರಿಸಿಕೊಳ್ಳುತ್ತಿದೆ ಎಂದುಕೊಳ್ಳಿ. ಖರ್ಚು ಇಳಿಸುವುದು ಹೇಗೆ ಎಂದು ಕೇಳಿದರೆ ಉತ್ತರ ಎಸ್3ಗಾಗಿ ಇರುವ ಗೇಟ್‌ವೇ ಎಂಡ್‌ಪಾಯಿಂಟ್. ನ್ಯಾಟ್ ಗೇಟ್‌ವೇ ಗಂಟೆಗೂ ಹಾದುಹೋಗುವ ಪ್ರತಿ ಗಿಗಾಬೈಟ್‌ಗೂ ಶುಲ್ಕ ಕೇಳುತ್ತದೆ, ಈ ಎಂಡ್‌ಪಾಯಿಂಟ್‌ಗೆ ಶುಲ್ಕವಿಲ್ಲ. ಅದೇ ಸನ್ನಿವೇಶವನ್ನು ಕೊಟ್ಟು, ಕಡತಗಳು ಸಾರ್ವಜನಿಕ ಇಂಟರ್ನೆಟ್ ಹಾದಿಯನ್ನು ಮುಟ್ಟಬಾರದು, ಏನು ಮಾಡಬೇಕು ಎಂದು ಕೇಳಿದರೂ ಉತ್ತರ ಅದೇ. ಮೊದಲನೆಯದು ವೆಚ್ಚದ ಪ್ರಶ್ನೆ, ಎರಡನೆಯದು ಭದ್ರತೆಯದು. ಕೋರ್ಸಿನಲ್ಲಿ ಈ ವಿಷಯ ಇರುವುದು ವಿಪಿಸಿ ಅಧ್ಯಾಯದ ಕೊನೆಯಲ್ಲೆಲ್ಲೋ ಹತ್ತು ನಿಮಿಷದ ವಿಡಿಯೊ ಒಂದರಲ್ಲಿ. ವಿಪಿಸಿ ಕಷ್ಟ, ಬಿಟ್ಟುಬಿಡೋಣ ಎಂದುಕೊಂಡವರಿಗೆ ಎರಡು ವಿಭಾಗಗಳಲ್ಲೂ ಏಟು ಬೀಳುತ್ತದೆ.

ಆದ್ದರಿಂದ ನಾಳೆ ಬೆಳಿಗ್ಗೆ ಓದಲು ಕೂರುವ ಮೊದಲು ಅರ್ಧ ಗಂಟೆ ಒಂದು ಹಾಳೆಯ ಮೇಲೆ ಕೆಲಸ ಮಾಡಿ. ಎಡಬದಿಯಲ್ಲಿ ಕೋರ್ಸಿನ ಅಧ್ಯಾಯಗಳು, ಮೇಲೆ ನಾಲ್ಕು ವಿಭಾಗಗಳು. ಪ್ರತಿ ಅಧ್ಯಾಯ ಯಾವ ಯಾವ ವಿಭಾಗಕ್ಕೆ ಪ್ರಶ್ನೆ ಒದಗಿಸಬಲ್ಲದು ಎಂದು ಗುರುತು ಹಾಕಿ, ಪಕ್ಕದಲ್ಲಿ ಅದರ ವಿಡಿಯೊ ಎಷ್ಟು ಗಂಟೆ ಎಂದು ಬರೆಯಿರಿ. ಎಸ್3ಗೆ ನಾಲ್ಕೂ ಮನೆಯಲ್ಲಿ ಗುರುತು ಬೀಳುತ್ತದೆ: ಬಕೆಟ್ ಪಾಲಿಸಿ ಮತ್ತು ಎನ್‌ಕ್ರಿಪ್ಷನ್ ಭದ್ರತೆಗೆ, ವರ್ಷನಿಂಗ್ ವಿಶ್ವಾಸಾರ್ಹತೆಗೆ, ಮಲ್ಟಿಪಾರ್ಟ್ ಅಪ್‌ಲೋಡ್ ಕಾರ್ಯಕ್ಷಮತೆಗೆ, ಸ್ಟೋರೇಜ್ ಕ್ಲಾಸ್ ಮತ್ತು ಲೈಫ್‌ಸೈಕಲ್ ನಿಯಮಗಳು ವೆಚ್ಚಕ್ಕೆ. ಯಂತ್ರಕಲಿಕೆಯ ಸೇವೆಗಳ ಅಧ್ಯಾಯಕ್ಕೆ ಒಂದೇ ಒಂದು ತೆಳುವಾದ ಗುರುತು ಬಿದ್ದೀತು. ಅಲ್ಲಿ ಚಿತ್ರ ಗುರುತಿಸುವ ಸೇವೆ ಯಾವುದು, ಮಾತನ್ನು ಬರಹವಾಗಿಸುವುದು ಯಾವುದು ಎಂದು ಹೆಸರು ತಿಳಿದಿದ್ದರೆ ಸಾಕು. ವಿಡಿಯೊ ಬೇಡ, ಅರ್ಧ ಪುಟದ ಪಟ್ಟಿ ಸಾಕು. ಎಗ್ಸಾಮ್ ಗೈಡ್‌ನ ಕೊನೆಯಲ್ಲಿ ಪರೀಕ್ಷೆಗೆ ಬಾರದ ಸೇವೆಗಳ ಪಟ್ಟಿಯೂ ಇದೆ. ಅದರಲ್ಲಿರುವುದೇನಾದರೂ ಕೋರ್ಸಿನಲ್ಲಿದ್ದರೆ ಯೋಚನೆ ಮಾಡದೆ ಹೊಡೆದುಹಾಕಿ.

ಗೈಡ್‌ನಲ್ಲಿ ಇನ್ನೊಂದು ವಿಷಯವಿದೆ, ಹೆಚ್ಚಿನವರು ಗಮನಿಸುವುದಿಲ್ಲ. ಪ್ರತಿ ವಿಭಾಗದ ಕೆಳಗೆ ಉಪವಿಭಾಗಗಳಿವೆ. ಭದ್ರತೆಗೆ ಮೂರು, ವಿಶ್ವಾಸಾರ್ಹತೆಗೆ ಎರಡೇ ಎರಡು, ಕಾರ್ಯಕ್ಷಮತೆಗೆ ಐದು, ವೆಚ್ಚಕ್ಕೆ ನಾಲ್ಕು. ಅಂದರೆ ಶೇ 56ರಷ್ಟು ಪಾಲು ಐದು ಉಪವಿಭಾಗಗಳಲ್ಲಿ ಕೂಡಿಕೊಂಡಿದೆ, ಉಳಿದ ಶೇ 44 ಒಂಬತ್ತರಲ್ಲಿ ಹರಡಿದೆ. ಉಪವಿಭಾಗಗಳಿಗೆ ಪ್ರತ್ಯೇಕ ಪಾಲನ್ನು ಎಡಬ್ಲ್ಯುಎಸ್ ಹೇಳಿಲ್ಲ, ಹಾಗಾಗಿ ಇದು ಅಂದಾಜು ಮಾತ್ರ. ಆದರೂ ಸಮಯ ಕಡಿಮೆಯಿರುವಾಗ ಮೊದಲೆರಡು ವಿಭಾಗಗಳನ್ನು ಆಳವಾಗಿ ಹಿಡಿಯುವುದು ಲಾಭ. ಓದಿದ ಪ್ರತಿ ಗಂಟೆಗೆ ಅಲ್ಲಿ ಹೆಚ್ಚು ಪ್ರಶ್ನೆಗಳು ಸಿಗುತ್ತವೆ.

ಹಾಗಾದರೆ ಗಂಟೆಗಳನ್ನು 30:26:24:20 ಎಂದೇ ಹಂಚಬೇಕೇ? ಬೇಡ. ವೆಯ್ಟೇಜ್ ಹೇಳುವುದು ಎಷ್ಟು ಅಂಕ ಇದೆ ಎಂದು. ಎಷ್ಟು ಅಂಕ ನಿಮ್ಮ ಕೈ ತಪ್ಪುತ್ತಿದೆ ಎನ್ನುವುದನ್ನು ಹೇಳುವುದು ನಿನ್ನೆಯ ಮಾದರಿ ಪರೀಕ್ಷೆ. ನಿಮ್ಮ ತಪ್ಪುಗಳು ಭದ್ರತೆಯಲ್ಲಿ 12, ವಿಶ್ವಾಸಾರ್ಹತೆಯಲ್ಲಿ 10, ಕಾರ್ಯಕ್ಷಮತೆಯಲ್ಲಿ 9, ವೆಚ್ಚದಲ್ಲಿ 5. ಮಾದರಿ ಪರೀಕ್ಷೆಯೂ ಅದೇ ಪಾಲಿನಲ್ಲಿ ಪ್ರಶ್ನೆ ಹಂಚಿರುವುದರಿಂದ ಈ ತಪ್ಪುಗಳಲ್ಲಿ ವೆಯ್ಟೇಜ್ ಆಗಲೇ ಸೇರಿಕೊಂಡಿದೆ. ಒಟ್ಟು 36 ತಪ್ಪು. ತಪ್ಪಿಗೊಂದು ಗಂಟೆಯಂತೆ 36 ಗಂಟೆ ಕಲಿಕೆಗೆ, ಉಳಿದ 22 ಗಂಟೆ ಮಾದರಿ ಪರೀಕ್ಷೆ ಮತ್ತು ಅದರ ವಿಶ್ಲೇಷಣೆಗೆ. ವೆಚ್ಚದ ವಿಭಾಗಕ್ಕೆ ಶೇ 20 ಪಾಲಿದ್ದರೂ ನೀವು 5 ಗಂಟೆಗಿಂತ ಹೆಚ್ಚು ಕೊಡಬೇಕಾಗಿಲ್ಲ. ಅದು ನಿಮಗೆ ಈಗಾಗಲೇ ಹತ್ತಿದೆ. ಇದನ್ನು ಓದುವ ಬೇರೆಯವರು ಈ ಗಂಟೆಗಳನ್ನು ನಕಲು ಮಾಡಬೇಡಿ, ನಿಮ್ಮ ತಪ್ಪುಗಳನ್ನು ಎಣಿಸಿ ಹಂಚಿಕೊಳ್ಳಿ.

ಮೊದಲ ಶನಿವಾರ, ಭಾನುವಾರ ಸೇರಿ 14 ಗಂಟೆ. ಅದರಲ್ಲಿ 12 ಭದ್ರತೆಗೆ. ಐಎಎಂನಲ್ಲಿ ಪಾಲಿಸಿಗಳು ಹೇಗೆ ತೀರ್ಮಾನವಾಗುತ್ತವೆ ಎನ್ನುವುದು ಗಟ್ಟಿಯಾಗಬೇಕು. ಎಲ್ಲಿಯಾದರೂ ಸ್ಪಷ್ಟವಾಗಿ ‘ಡಿನೈ’ ಎಂದಿದ್ದರೆ ಬೇರೆ ಎಷ್ಟು ಕಡೆ ‘ಅಲೋ’ ಎಂದಿದ್ದರೂ ನಿರಾಕರಣೆಯೇ ಗೆಲ್ಲುತ್ತದೆ. ಸಂಸ್ಥೆಯ ಮಟ್ಟದಲ್ಲಿ ಹಾಕುವ ಸರ್ವಿಸ್ ಕಂಟ್ರೋಲ್ ಪಾಲಿಸಿ ಯಾರಿಗೂ ಅನುಮತಿ ಕೊಡುವುದಿಲ್ಲ, ಮಿತಿಯನ್ನಷ್ಟೇ ಹಾಕುತ್ತದೆ. ಸರ್ವರ್‌ಗೆ ಎಸ್3 ಬೇಕಾದರೆ ಅದರೊಳಗೆ ಕೀಲಿಗಳನ್ನು ಇಡುವ ಆಯ್ಕೆ ತಪ್ಪು, ರೋಲ್ ಕೊಡುವ ಆಯ್ಕೆ ಸರಿ. ನಂತರ ವಿಪಿಸಿ. ಸೆಕ್ಯುರಿಟಿ ಗ್ರೂಪ್ ಹೋದ ಸಂಪರ್ಕವನ್ನು ನೆನಪಿಟ್ಟುಕೊಂಡು ಮರಳಿ ಬರುವುದನ್ನು ತಾನಾಗಿಯೇ ಬಿಡುತ್ತದೆ, ಅದರಲ್ಲಿ ತಡೆಯುವ ನಿಯಮ ಬರೆಯಲು ಬರುವುದಿಲ್ಲ. ನೆಟ್‌ವರ್ಕ್ ಎಸಿಎಲ್ ಏನನ್ನೂ ನೆನಪಿಡುವುದಿಲ್ಲ, ಎರಡೂ ದಿಕ್ಕಿಗೆ ನಿಯಮ ಬರೆಯಬೇಕು, ಆದರೆ ಒಂದು ಐಪಿ ವಿಳಾಸವನ್ನು ತಡೆಯಬೇಕೆಂದರೆ ಈ ಎರಡರಲ್ಲಿ ಅದೇ ಗತಿ.

ಈ ವಾರಾಂತ್ಯದಲ್ಲಿಯೇ ಒಂದು ವಿಪಿಸಿಯನ್ನು ಕೈಯಾರೆ ಕಟ್ಟಿ ನೋಡಿ: ಒಂದು ಸಾರ್ವಜನಿಕ ಸಬ್‌ನೆಟ್, ಒಂದು ಖಾಸಗಿ ಸಬ್‌ನೆಟ್, ನಡುವೆ ನ್ಯಾಟ್ ಗೇಟ್‌ವೇ. ರೂಟ್ ಟೇಬಲ್‌ನಲ್ಲಿ ಒಂದು ಸಾಲು ತೆಗೆದು ಏನು ಕೆಡುತ್ತದೆ ಎಂದು ನೋಡಿ. ಟೆಸ್ಟಿಂಗ್ ಕೆಲಸದವರಾದ ನಿಮಗೆ ಈ ಬುದ್ಧಿ ಸಹಜವಾಗಿಯೇ ಇರುತ್ತದೆ, ಬಳಸಿಕೊಳ್ಳಿ. ಪ್ರಯೋಗ ಮುಗಿದ ತಕ್ಷಣ ನ್ಯಾಟ್ ಗೇಟ್‌ವೇ ಅಳಿಸಿ, ಅದಕ್ಕೆ ಕೊಟ್ಟ ಎಲಾಸ್ಟಿಕ್ ಐಪಿಯನ್ನೂ ಬಿಡುಗಡೆ ಮಾಡಿ. ಇಲ್ಲದಿದ್ದರೆ ಬಿಲ್ ಬರುತ್ತಲೇ ಇರುತ್ತದೆ. ಉಳಿದ ಸೇವೆಗಳ ಪ್ರಾತ್ಯಕ್ಷಿಕೆ ವಿಡಿಯೊಗಳನ್ನು ದಾಟಿಸಬಹುದು. ಯಾವ ಗುಂಡಿ ಒತ್ತಬೇಕು ಎನ್ನುವುದನ್ನು ಪರೀಕ್ಷೆ ಕೇಳುವುದಿಲ್ಲ.

ಭಾನುವಾರದ ಕೊನೆಯ ಎರಡು ಗಂಟೆ ಮತ್ತು ಸೋಮವಾರದಿಂದ ಎಂಟು ಗಂಟೆ ವಿಶ್ವಾಸಾರ್ಹತೆಗೆ. ಇಲ್ಲಿ ಬಿಡಿ ಸೇವೆಗಳಿಗಿಂತ ಜೋಡಿಗಳನ್ನು ಓದಿ, ಏಕೆಂದರೆ ಪ್ರಶ್ನೆಗಳು ಹುಟ್ಟುವುದು ಜೋಡಿಗಳಿಂದ. ಆರ್‌ಡಿಎಸ್‌ನ ಮಲ್ಟಿ-ಎಜೆಡ್ ಮತ್ತು ರೀಡ್ ರೆಪ್ಲಿಕಾ ಇವುಗಳಲ್ಲಿ ಎಲ್ಲರೂ ಗೊಂದಲಕ್ಕೆ ಬೀಳುವ ಜೋಡಿ. ಮಲ್ಟಿ-ಎಜೆಡ್ ಇನ್‌ಸ್ಟೆನ್ಸ್ ವ್ಯವಸ್ಥೆಯಲ್ಲಿ ಇನ್ನೊಂದು ವಲಯದಲ್ಲಿ ಒಂದು ಪ್ರತಿ ಸಿದ್ಧವಾಗಿ ಕಾಯುತ್ತಿರುತ್ತದೆ. ಮೊದಲನೆಯದು ಬಿದ್ದರೆ ಅದು ಜಾಗಕ್ಕೆ ಬರುತ್ತದೆ, ಅಲ್ಲಿಯವರೆಗೆ ಅದರಿಂದ ಓದಲು ಬರುವುದಿಲ್ಲ. ರೀಡ್ ರೆಪ್ಲಿಕಾ ಇರುವುದೇ ಓದುವ ಹೊರೆ ಹಂಚಿಕೊಳ್ಳಲು, ಅದರ ದತ್ತಾಂಶ ಸ್ವಲ್ಪ ಹಿಂದೆ ಬಿದ್ದಿರಬಹುದು. ‘ವರದಿ ತೆಗೆಯುವಾಗ ಡೇಟಾಬೇಸ್ ನಿಧಾನವಾಗುತ್ತಿದೆ’ ಎಂದರೆ ರೀಡ್ ರೆಪ್ಲಿಕಾ. ‘ಒಂದು ವಲಯ ಕೈಕೊಟ್ಟರೂ ಡೇಟಾಬೇಸ್ ನಡೆಯಬೇಕು’ ಎಂದರೆ ಮಲ್ಟಿ-ಎಜೆಡ್. ಇದೇ ರೀತಿ ಎಸ್‌ಕ್ಯೂಎಸ್ ಮತ್ತು ಎಸ್‌ಎನ್‌ಎಸ್, ಎರಡು ಬಗೆಯ ಲೋಡ್ ಬ್ಯಾಲೆನ್ಸರ್, ವಿಪತ್ತು ಚೇತರಿಕೆಯ ನಾಲ್ಕು ವಿಧಾನಗಳು. ಪ್ರತಿಯೊಂದಕ್ಕೂ ‘ಹೀಗೆ ಕೇಳಿದರೆ ಇದು, ಹಾಗೆ ಕೇಳಿದರೆ ಅದು’ ಎಂದು ನಿಮ್ಮದೇ ಕನ್ನಡದಲ್ಲಿ ಎರಡು ಸಾಲು ಬರೆದಿಡಿ. ಸೇವೆಯ ಹೆಸರು ಇಂಗ್ಲಿಷ್‌ನಲ್ಲಿರಲಿ, ಕಾರಣ ಕನ್ನಡದಲ್ಲಿರಲಿ.

ಆ ವಾರದ ಉಳಿದ 7 ಗಂಟೆ ಕಾರ್ಯಕ್ಷಮತೆಗೆ ಹೋಗುತ್ತದೆ. ಎರಡನೆಯ ಶನಿವಾರ ಬೆಳಿಗ್ಗೆ ಹೊಸ ಮಾದರಿ ಪರೀಕ್ಷೆ, 130 ನಿಮಿಷ, ಫೋನ್ ದೂರವಿಟ್ಟು. ಅದೇ ದಿನ ಮೂರು ಗಂಟೆ ಅದರ ವಿಶ್ಲೇಷಣೆ, ಉಳಿದ ಎರಡು ಗಂಟೆ ಕಾರ್ಯಕ್ಷಮತೆಯ ಬಾಕಿ. ಭಾನುವಾರ ವೆಚ್ಚಕ್ಕೆ 5 ಗಂಟೆ, ಇನ್ನೆರಡು ಗಂಟೆ ಶನಿವಾರದ ಪರೀಕ್ಷೆಯಲ್ಲಿ ಕಂಡ ತೂತುಗಳಿಗೆ. ಕೊನೆಯ ವಾರ ಹೊಸ ವಿಡಿಯೊ ಇಲ್ಲ. ಸೋಮವಾರ ಒಂದು ಪರೀಕ್ಷೆ, ಮಂಗಳವಾರ ಅದರ ವಿಶ್ಲೇಷಣೆ. ಬುಧವಾರ ಇನ್ನೊಂದು, ಗುರುವಾರ ಅದರದ್ದು. ಶುಕ್ರವಾರ ನಿಮ್ಮ ಕನ್ನಡ ಸಾಲುಗಳನ್ನು ಓದಿ ಬೇಗ ಮಲಗಿ.

ವಿಶ್ಲೇಷಣೆಗೆ ಪರೀಕ್ಷೆಗಿಂತ ಹೆಚ್ಚು ಹೊತ್ತು ಕೊಟ್ಟಿರುವುದು ಬೇಕೆಂದೇ. ತಪ್ಪಾದ ಪ್ರತಿ ಪ್ರಶ್ನೆಯಲ್ಲೂ ಉತ್ತರವನ್ನು ನಿರ್ಧರಿಸಿದ ಪದ ಯಾವುದು ಎಂದು ಹುಡುಕಿ ಅಡಿಗೆರೆ ಹಾಕಿ. ‘ಲೀಸ್ಟ್ ಆಪರೇಷನಲ್ ಓವರ್‌ಹೆಡ್’ ಎಂದಿದ್ದರೆ ನೀವೇ ಸರ್ವರ್ ನಡೆಸುವ ಆಯ್ಕೆಗಳು ಬಹುತೇಕ ಹೊರಗೆ. ‘ಮೋಸ್ಟ್ ಕಾಸ್ಟ್-ಎಫೆಕ್ಟಿವ್’ ಎಂದಿದ್ದರೆ ಅಗತ್ಯ ಪೂರೈಸುವವುಗಳಲ್ಲಿ ಅಗ್ಗದ್ದು. ತಪ್ಪುಗಳನ್ನು ಎರಡಾಗಿ ಬೇರ್ಪಡಿಸಿ: ವಿಷಯವೇ ಗೊತ್ತಿರಲಿಲ್ಲ ಎನ್ನುವುದು ಒಂದು, ಗೊತ್ತಿದ್ದೂ ಪ್ರಶ್ನೆಯನ್ನು ತಪ್ಪಾಗಿ ಓದಿದೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮಾತ್ರ ಕೋರ್ಸಿನ ಆ ಒಂದು ವಿಡಿಯೊಗೆ ಹಿಂದಿರುಗಿ. ಎರಡನೆಯದು ಹೆಚ್ಚಿದ್ದರೆ ಇನ್ನಷ್ಟು ವಿಡಿಯೊ ನೋಡುವುದರಿಂದ ಏನೂ ಬದಲಾಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಒಮ್ಮೆ ಬರೆದ ಮಾದರಿ ಪರೀಕ್ಷೆಯನ್ನೇ ಮತ್ತೆ ಬರೆದು ಶೇ 85 ಬಂತೆಂದು ನಂಬಬೇಡಿ. ಅದು ನೆನಪಿನ ಅಂಕ.

ಇಂಗ್ಲಿಷ್ ಓದಿನ ವೇಗದ ಬಗ್ಗೆ ನಿಮಗೆ ತಿಳಿದಿರಲೇಬೇಕಾದ ಒಂದು ಅನುಕೂಲವಿದೆ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷ್‌ನಲ್ಲಿ ಬರೆಯುವ ಪರೀಕ್ಷೆಗೆ ಎಡಬ್ಲ್ಯುಎಸ್ 30 ನಿಮಿಷ ಹೆಚ್ಚು ಕೊಡುತ್ತದೆ. ನಿಮ್ಮ ಸರ್ಟಿಫಿಕೇಷನ್ ಖಾತೆಯಲ್ಲಿ ‘ESL +30’ ಎಂಬ ಹೆಸರಿನಲ್ಲಿ ಅದನ್ನು ಕೋರಬೇಕು. ಆಗ 130 ನಿಮಿಷ 160 ಆಗುತ್ತದೆ, ಪ್ರಶ್ನೆಗೆ ಎರಡು ನಿಮಿಷ ಇದ್ದದ್ದು ಎರಡೂವರೆಯ ಹತ್ತಿರ ಬರುತ್ತದೆ. ಇದನ್ನು ಪರೀಕ್ಷೆ ಬುಕ್ ಮಾಡುವ ಮೊದಲೇ ಕೋರಬೇಕೆಂಬುದು ನಿಯಮ. ನೀವು ಆಗಲೇ ಬುಕ್ ಮಾಡಿರುವುದರಿಂದ ಇಂದೇ ಖಾತೆ ತೆರೆದು ನೋಡಿ. ಕೋರಿಲ್ಲದಿದ್ದರೆ ಕೋರಿ, ರದ್ದುಪಡಿಸಿ ಮತ್ತೆ ಬುಕ್ ಮಾಡಬೇಕಾಗುತ್ತದೆ. ರದ್ದುಪಡಿಸುವ ಮೊದಲು ನಿಮಗೆ ಬೇಕಾದ ದಿನ ಜಾಗ ಖಾಲಿ ಇದೆಯೇ, ವೋಚರ್ ಮತ್ತೆ ಬಳಕೆಗೆ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಅಂಕಗಳ ಬಗ್ಗೆ ಹರಡಿರುವ ಕೆಲವು ತಪ್ಪು ತಿಳಿವಳಿಕೆಗಳು ಯೋಜನೆಯನ್ನೇ ಹಾಳು ಮಾಡುತ್ತವೆ. ಪ್ರತಿ ವಿಭಾಗದಲ್ಲೂ ಪಾಸಾಗಬೇಕು ಎನ್ನುವುದು ಸುಳ್ಳು. ಒಟ್ಟಾರೆ ಪಾಸಾದರೆ ಸಾಕು. ಹಾಗಿಲ್ಲದಿದ್ದರೆ ಈ ಬಗೆಯ ಆದ್ಯತೆಯ ಓದಿಗೆ ಅರ್ಥವೇ ಇರುತ್ತಿರಲಿಲ್ಲ. 1000ಕ್ಕೆ 720 ಎಂದರೆ 72 ಪ್ರತಿಶತ ಪ್ರಶ್ನೆ ಸರಿಯಾಗಬೇಕು ಎಂದೂ ಅಲ್ಲ. ಅದು 100ರಿಂದ 1000ದವರೆಗಿನ ಅಳತೆಗೆ ಹೊಂದಿಸಿದ ಅಂಕ, ಪ್ರಶ್ನೆಪತ್ರಿಕೆಯ ಕಾಠಿಣ್ಯವೂ ಅದರಲ್ಲಿ ಸೇರುತ್ತದೆ. ತಪ್ಪಿಗೆ ಅಂಕ ಕಡಿತವಿಲ್ಲ, ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಆದರೆ ಎರಡು ಉತ್ತರ ಆರಿಸಬೇಕಾದ ಪ್ರಶ್ನೆಯಲ್ಲಿ ಎರಡೂ ಸರಿಯಿದ್ದರೆ ಮಾತ್ರ ಅಂಕ.

ಗಡುವು ಹತ್ತಿರವಾದಾಗ ‘ಡಂಪ್’ ಎಂಬ ಹೆಸರಿನಲ್ಲಿ ಸೋರಿಕೆಯಾದ ಪ್ರಶ್ನೆಗಳನ್ನು ಯಾರಾದರೂ ಕಳಿಸಿಯೇ ಕಳಿಸುತ್ತಾರೆ. ಮುಟ್ಟಬೇಡಿ. ಪರೀಕ್ಷೆಗೆ ಮುನ್ನ ನೀವು ಒಪ್ಪುವ ಕರಾರಿನ ಉಲ್ಲಂಘನೆ ಅದು, ಪ್ರಮಾಣಪತ್ರ ರದ್ದಾಗಬಹುದು. ಅವುಗಳಲ್ಲಿ ಕೊಟ್ಟಿರುವ ಉತ್ತರಗಳೂ ಎಷ್ಟೋ ಕಡೆ ತಪ್ಪಿರುವುದನ್ನು ನಾನು ಕಂಡಿದ್ದೇನೆ.

ಮುಂದೂಡುವ ನಿರ್ಧಾರಕ್ಕೆ ಮಂಗಳವಾರ ರಾತ್ರಿಯನ್ನು ಇಟ್ಟುಕೊಳ್ಳಿ, ಎರಡನೆಯ ಹೊಸ ಪರೀಕ್ಷೆಯ ವಿಶ್ಲೇಷಣೆ ಮುಗಿದ ಮೇಲೆ. ನೀವು ಈಗ 65ಕ್ಕೆ 29ರಲ್ಲಿದ್ದೀರಿ, ಅಂದರೆ ಶೇ 45. ಶನಿವಾರ ಮತ್ತು ಸೋಮವಾರದ ಎರಡೂ ಪರೀಕ್ಷೆಗಳಲ್ಲಿ 45 ಪ್ರಶ್ನೆ ಅಥವಾ ಅದಕ್ಕಿಂತ ಹೆಚ್ಚು ಸರಿಯಾದರೆ ಹೋಗಿ ಬರೆಯಿರಿ. 38ಕ್ಕಿಂತ ಕಡಿಮೆಯಿದ್ದರೆ ಮುಂದೂಡಿ. ಪರೀಕ್ಷೆಗೆ 24 ಗಂಟೆ ಮುಂಚಿನವರೆಗೆ ಶುಲ್ಕವಿಲ್ಲದೆ ದಿನಾಂಕ ಬದಲಿಸಬಹುದು, ಒಂದು ಬುಕಿಂಗ್ ಅನ್ನು ಎರಡು ಬಾರಿ. ವೋಚರ್ ಮುಗಿಯುವ ದಿನದೊಳಗೆ ಪರೀಕ್ಷೆ ಮುಗಿದಿರಬೇಕಾದ್ದರಿಂದ ನಿಮಗೆ ಸಿಗುವುದು ಹತ್ತು ದಿನ, ಆ ಹತ್ತು ದಿನವನ್ನು ಬಿಟ್ಟ ಅಧ್ಯಾಯಗಳಿಗಲ್ಲ, ಮೊದಲೆರಡು ವಿಭಾಗಗಳಿಗೇ ಕೊಡಿ. ನಡುವೆ ಎಲ್ಲೋ ಬಂದರೆ ನೀವು ಬೇರ್ಪಡಿಸಿದ ತಪ್ಪುಗಳನ್ನು ನೋಡಿ: ಓದಿನ ತಪ್ಪುಗಳೇ ಹೆಚ್ಚಿದ್ದು 30 ನಿಮಿಷದ ಅನುಕೂಲ ಸಿಕ್ಕಿದ್ದರೆ ಬರೆಯಬಹುದು, ವಿಷಯದ ತಪ್ಪುಗಳೇ ಹೆಚ್ಚಿದ್ದರೆ ಮುಂದೂಡುವುದು ಲೇಸು. ಈ ಗಡಿಗಳು ನನ್ನ ಅನುಭವದವು, ಎಡಬ್ಲ್ಯುಎಸ್ ಹೇಳಿದ್ದಲ್ಲ.

ತಯಾರಿಲ್ಲದೆ ಹೋಗಿ ಫೇಲಾದರೆ ಆಗುವ ನಷ್ಟವನ್ನೂ ತಿಳಿದಿರಿ. 14 ದಿನ ಕಾಯದೆ ಮತ್ತೆ ಬರೆಯುವಂತಿಲ್ಲ, ಅಷ್ಟರಲ್ಲಿ ನಿಮ್ಮ ವೋಚರ್ ಬಳಕೆಯಾಗಿ ಹೋಗಿರುತ್ತದೆ, ಮತ್ತೆ 150 ಡಾಲರ್ ಮತ್ತು ತೆರಿಗೆಯನ್ನು ಕೈಯಿಂದ ಕಟ್ಟಬೇಕು. ಪಾಸಾದರೂ ಒಂದು ಬಾಕಿ ಉಳಿಯುತ್ತದೆ. ಎರಡು ವಾರದಲ್ಲಿ ತುಂಬಿಕೊಂಡದ್ದು ಬಳಸದಿದ್ದರೆ ಬೇಗ ಮರೆಯುತ್ತದೆ, ಕ್ಲೌಡ್ ಕೆಲಸದ ಸಂದರ್ಶನದಲ್ಲಿ ‘ನೀವೇ ಕಟ್ಟಿದ್ದು ಏನು?’ ಎಂದು ಕೇಳುತ್ತಾರೆ. ಬಿಟ್ಟ ಅಧ್ಯಾಯಗಳ ಆ ಹಾಳೆಯನ್ನು ಹರಿದುಹಾಕಬೇಡಿ. ಪರೀಕ್ಷೆಯ ಮುಂದಿನ ತಿಂಗಳಲ್ಲಿ ವಾರಕ್ಕೆ ಒಂದರಂತೆ, ಈ ಬಾರಿ ಪ್ರಾತ್ಯಕ್ಷಿಕೆಗಳನ್ನೂ ಸೇರಿಸಿ, ಕೈಯಿಂದ ಮಾಡುತ್ತಾ ಮುಗಿಸಿ.